ಒಂದೇ ಸಂಖ್ಯೆಯಿಂದ ಮತ್ತೆ ಮತ್ತೆ ಬರುವ ವಂಚನೆ ಕರೆ: ಮೊಬೈಲ್ ಸೇವಾ ಸಂಸ್ಥೆಗೆ ದೂರು ಪತ್ರ

ವ್ಯವಹಾರ ಪತ್ರಗಳ ಘಟಕದಲ್ಲಿ ದೂರು ಪತ್ರಕ್ಕೆ ಬಹುಕಾಲದಿಂದ ರೂಢಿಯಲ್ಲಿರುವ ವಿಷಯಗಳೆಂದರೆ ಕುಡಿಯುವ ನೀರು, ಬೀದಿದೀಪ ಮತ್ತು ಬಸ್ ಸೌಕರ್ಯ. ಇವುಗಳಲ್ಲಿ ದೂರಿನ ವಸ್ತು ಕಣ್ಣಿಗೆ ಕಾಣುವಂಥದ್ದು. ಪತ್ರ ಎಷ್ಟೇ ಅಸ್ಪಷ್ಟವಾಗಿದ್ದರೂ ಅಧಿಕಾರಿ ಬೀದಿಗೆ ಬಂದು ಕೆಟ್ಟ ದೀಪವನ್ನು ನೋಡಬಹುದು. ವಂಚನೆ ಕರೆಯ ಸಂಗತಿ ಬೇರೆ. ಕರೆ ಮುಗಿದ ಮೇಲೆ ಫೋನಿನಲ್ಲಿ ಉಳಿಯುವುದು ಒಂದು ಸಂಖ್ಯೆ, ಒಂದು ದಿನಾಂಕ, ಒಂದು ಸಮಯ. ಆಡಿದ ಮಾತು ಕೇಳಿದವರ ನೆನಪಿನಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಇಲ್ಲಿ ಪತ್ರವೇ ಸಾಕ್ಷ್ಯದ ಕೆಲಸವನ್ನೂ ಮಾಡಬೇಕಾಗುತ್ತದೆ. ಇದನ್ನು ಬರೆಯಲು ಕಲಿತ ವಿದ್ಯಾರ್ಥಿಗೆ ಬೀದಿದೀಪದ ಪತ್ರ ಸುಲಭವಾಗಿ ಒಲಿಯುತ್ತದೆ. ಇದರ ವಿಲೋಮ ನಿಜವಲ್ಲ.

ಪಾಠವನ್ನು ಆರಂಭಿಸುವ ಮುನ್ನ ಒಂದು ಪದದ ಬಗ್ಗೆ ಎಚ್ಚರ ಅಗತ್ಯ. ತಮಿಳುನಾಡಿನ ಕನ್ನಡ ಮಕ್ಕಳು ಬೀದಿಯಲ್ಲಿಯೂ ಕಚೇರಿಗಳಲ್ಲಿಯೂ ಕೇಳುವ ತಮಿಳು ಪದ ‘ಪುಕಾರ್’. ಅದರ ಅರ್ಥ ದೂರು. ಕನ್ನಡದಲ್ಲಿಯೂ ‘ಪುಕಾರು’ ಎಂಬ ಪದವಿದೆ, ಆದರೆ ಅದರ ಅರ್ಥ ಗಾಳಿಸುದ್ದಿ. ವಿಷಯದ ಸಾಲಿನಲ್ಲಿ ‘ವಂಚನೆ ಕರೆಯ ಬಗ್ಗೆ ಪುಕಾರು’ ಎಂದು ವಿದ್ಯಾರ್ಥಿ ಬರೆದರೆ, ಕನ್ನಡ ಓದುಗರಿಗೆ ಅದು ವಂಚನೆ ಕರೆಯ ಬಗ್ಗೆ ಹಬ್ಬಿದ ವದಂತಿಯಾಗಿ ತೋರುತ್ತದೆ. ಇದನ್ನು ತಪ್ಪೆಂದು ಗುರುತು ಹಾಕಿ ಬಿಡುವುದಕ್ಕಿಂತ ಎರಡು ಭಾಷೆಗಳಲ್ಲಿ ಒಂದೇ ಪದ ಬೇರೆ ಬೇರೆ ದಾರಿ ಹಿಡಿದದ್ದನ್ನು ಕಪ್ಪುಹಲಗೆಯ ಮೇಲೆ ತೋರಿಸುವುದು ಮೇಲು. ವದಂತಿಯನ್ನು ದೂರಾಗಿ ಮಾರ್ಪಡಿಸುವುದೇ ಈ ಪಾಠದ ಕೆಲಸವಾದ್ದರಿಂದ ಈ ವ್ಯತ್ಯಾಸ ಮುಂದೆಯೂ ನೆರವಿಗೆ ಬರುತ್ತದೆ.

ಪ್ರಸಂಗ

ತರಗತಿಯಲ್ಲಿ ಚರ್ಚಿಸಲು ಧಾರಾಪುರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಮರಾವತಿ ನದಿಯ ದಡದ ಈ ಪಟ್ಟಣ ಇಂದು ತಿರುಪ್ಪೂರು ಜಿಲ್ಲೆಗೆ ಸೇರಿದೆ. ಮನೆಯ ಮಾತು ಕನ್ನಡ, ಹೊರಗಿನ ವ್ಯವಹಾರ ತಮಿಳು. ತಂದೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿಯುತ್ತಾರೆ. ವಾರದ ದಿನಗಳಲ್ಲಿ ಅಲ್ಲಿಯೇ ಇರುತ್ತಾರೆ. ಅವರ ಹೆಸರಿನಲ್ಲಿ ಪಡೆದ ಒಂದು ಸಿಮ್ ಮನೆಯ ಹಳೆಯ ಫೋನಿನಲ್ಲಿದೆ. ಅದನ್ನು ಬಳಸುವವರು ಅಜ್ಜಿ. ಒಂಬತ್ತನೆಯ ತರಗತಿಯ ಮೊಮ್ಮಗಳು ಶಾಲೆಯಿಂದ ಬಂದ ಮೇಲೆ ಅಜ್ಜಿಗೆ ಬಂದ ಸಂದೇಶಗಳನ್ನು ಓದಿ ಹೇಳುತ್ತಾಳೆ.

2025ರ ಜೂನ್ 9ರ ಸೋಮವಾರ ಬೆಳಿಗ್ಗೆ ಒಂದು ಕರೆ ಬಂದಿತು. ಬ್ಯಾಂಕಿನಿಂದ ಮಾತನಾಡುತ್ತಿರುವುದಾಗಿ ಹೇಳಿಕೊಂಡ ಗಂಡು ಧ್ವನಿ, ಕೆವೈಸಿ ಮುಗಿದಿರುವುದರಿಂದ ಸಂಜೆಯೊಳಗೆ ಖಾತೆ ನಿಂತುಹೋಗುವುದೆಂದು ತಿಳಿಸಿತು. ಮರುದಿನ ಅದೇ ಸಂಖ್ಯೆಯಿಂದ ಎರಡು ಕರೆಗಳು ಬಂದವು. ಒಂದರಲ್ಲಿ ಕಾರ್ಡಿನ ಮೇಲಿನ ಹದಿನಾರು ಅಂಕಿಗಳನ್ನು ಕೇಳಲಾಯಿತು. ಮಗ ಊರಿನಲ್ಲಿಲ್ಲವೆಂದು ಹೇಳಿ ಅಜ್ಜಿ ಫೋನ್ ಇಟ್ಟರು. ಇನ್ನೊಂದನ್ನು ಅವರು ಎತ್ತಲಿಲ್ಲ. ಬುಧವಾರ ಸಂಜೆಯ ಕರೆಯನ್ನು ಮೊಮ್ಮಗಳು ತೆಗೆದುಕೊಂಡಳು. ಫೋನಿಗೆ ಬರುವ ಆರು ಅಂಕಿಗಳನ್ನು ಓದಿ ಹೇಳಬೇಕೆಂದು ಆ ಧ್ವನಿ ಕೇಳಿತು. ‘ಯಾವ ಶಾಖೆ?’ ಎಂದು ಅವಳು ಮರುಪ್ರಶ್ನೆ ಹಾಕಿದೊಡನೆ ಕರೆ ಕಡಿದುಹೋಯಿತು. ಹಣ ಹೋಗಲಿಲ್ಲ. ಆದರೆ ಅಜ್ಜಿ ಅಂದಿನಿಂದ ಫೋನ್ ಸದ್ದಾದರೆ ಹೆದರುತ್ತಿದ್ದಾರೆ. ತಿರುಪ್ಪೂರಿನಿಂದ ಮಗ ಮಾಡುವ ಕರೆಯನ್ನೂ ಎತ್ತುತ್ತಿಲ್ಲ.

ಈ ಪ್ರಸಂಗವನ್ನು ಓದಿ ಹೇಳಿ ಪತ್ರ ಬರೆಯಿರೆಂದರೆ ವಿದ್ಯಾರ್ಥಿಗಳಿಂದ ಸಾಮಾನ್ಯವಾಗಿ ಬರುವ ಪತ್ರದ ಒಡಲು ಈ ಬಗೆಯದು:

“ಬ್ಯಾಂಕಿನವರು ನಮ್ಮ ಅಜ್ಜಿಗೆ ದಿನವೂ ನೂರಾರು ಸಲ ಫೋನ್ ಮಾಡಿ ಹಿಂಸೆ ಕೊಡುತ್ತಿದ್ದಾರೆ. ಅವನು ದೊಡ್ಡ ಕಳ್ಳ. ಅವನ ಹೆಸರು, ವಿಳಾಸವನ್ನು ನಮಗೆ ತಿಳಿಸಿ, ಅವನನ್ನು ಕೂಡಲೇ ಬಂಧಿಸಿ ಶಿಕ್ಷೆ ಕೊಡಿಸಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇನೆ.”

ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೊಡ್ಡ ದೋಷವಿಲ್ಲ. ಕಾಗುಣಿತ ಸರಿ, ವಿನಯ ಸರಿ, ಭಾವವೂ ಸಹಜವಾದುದು. ಶಿಕ್ಷಕರು ಇದಕ್ಕೆ ಪೂರ್ಣ ಅಂಕ ಕೊಡುವುದೂ ಉಂಟು. ಆದರೆ ಈ ಪತ್ರವನ್ನು ಪಡೆದ ಸಂಸ್ಥೆ ಏನನ್ನೂ ಮಾಡಲಾಗದು. ಏಕೆ ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಸಂಸ್ಥೆಗೆ ಕಾಣುವುದೆಷ್ಟು, ಕಾಣದಿರುವುದೆಷ್ಟು

ಮೊಬೈಲ್ ಸೇವಾ ಸಂಸ್ಥೆಯ ಬಳಿ ಪ್ರತಿಯೊಂದು ಕರೆಗೂ ಒಂದು ದಾಖಲೆ ಇರುತ್ತದೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಂಬಿಷ್ಟು ಅದರಲ್ಲಿ ಸಿಗುತ್ತದೆ. ಆಡಿದ ಮಾತು ಅದರಲ್ಲಿರುವುದಿಲ್ಲ. ಹಾಗಾಗಿ ಪತ್ರದ ಸಂಗತಿಗಳು ತಾವಾಗಿಯೇ ಎರಡು ಪಾಲಾಗುತ್ತವೆ. ಸಂಖ್ಯೆ ಮತ್ತು ವೇಳೆ ಸಂಸ್ಥೆ ತನ್ನ ದಾಖಲೆಯೊಂದಿಗೆ ತಾಳೆ ನೋಡುವ ಪಾಲು, ಅವು ನಿಖರವಾಗಿರಬೇಕು. ಕರೆಯ ಮಾತು ದೂರುದಾರನಿಂದಲ್ಲದೆ ಬೇರೆಲ್ಲಿಂದಲೂ ಸಿಗದ ಪಾಲು. ಅದು ಸಂಕ್ಷಿಪ್ತವಾಗಿಯೂ ಕೇಳಿದಂತೆಯೂ ಇರಬೇಕು. ‘ದಿನವೂ ನೂರಾರು ಸಲ’ ಎಂದು ಬರೆದರೆ ತಾಳೆ ನೋಡುವ ನೌಕರನಿಗೆ ಮೂರು ದಿನಗಳಲ್ಲಿ ನಾಲ್ಕು ಕರೆಗಳು ಮಾತ್ರ ಕಾಣುತ್ತವೆ. ದಾಖಲೆಗೂ ಪತ್ರಕ್ಕೂ ಹೊಂದಿಕೆಯಾಗದಿದ್ದಾಗ ಅನುಮಾನ ಬೀಳುವುದು ಪತ್ರದ ಮೇಲೆಯೇ. ನಾಲ್ಕು ಕರೆಗಳು ದೂರಿಗೆ ಧಾರಾಳವಾಗಿ ಸಾಕು ಎಂಬುದನ್ನು ವಿದ್ಯಾರ್ಥಿಗಳಿಗೆ ಮನವರಿಕೆ ಮಾಡಿಕೊಡಬೇಕು.

‘ಬ್ಯಾಂಕಿನವರು’ ಎಂಬ ಪದ ಇನ್ನೂ ಗಂಭೀರವಾದ ತಪ್ಪು. ಕರೆ ಮಾಡಿದವರು ಬ್ಯಾಂಕಿನವರಲ್ಲ ಎಂಬುದೇ ದೂರಿನ ತಿರುಳು. ಕನ್ನಡದಲ್ಲಿ ಈ ಅಂತರವನ್ನು ಒಂದೇ ಸಹಾಯಕ ಕ್ರಿಯಾಪದ ಸೂಚಿಸುತ್ತದೆ. ‘ಬ್ಯಾಂಕಿನವರು ಹೇಳಿದರು’ ಎಂಬಲ್ಲಿ ಬರೆದವನೇ ಅದನ್ನು ಒಪ್ಪಿಕೊಂಡಂತಾಯಿತು. ‘ಬ್ಯಾಂಕಿನವರೆಂದು ಹೇಳಿಕೊಂಡರು’ ಎಂಬಲ್ಲಿ ‘ಕೊಳ್ಳು’ ಸೇರಿದೊಡನೆ ಮಾತಿನ ಹೊಣೆ ಮಾತನಾಡಿದವನ ಮೇಲೆಯೇ ಉಳಿಯಿತು. ಆತ್ಮಾರ್ಥಕ ಪ್ರಯೋಗವನ್ನು ವ್ಯಾಕರಣದ ತರಗತಿಯಲ್ಲಿ ‘ಮಾಡಿಕೊಂಡನು’, ‘ತೊಳೆದುಕೊಂಡನು’ ಎಂಬ ಉದಾಹರಣೆಗಳಿಂದ ಕಲಿಸುವುದು ವಾಡಿಕೆ. ಅದರ ಈ ಉಪಯೋಗವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು.

ಇದೇ ನಿಟ್ಟಿನಲ್ಲಿ ‘ಅವನು ಕಳ್ಳ’ ಎಂಬ ವಾಕ್ಯವನ್ನೂ ಪರಿಶೀಲಿಸಬೇಕು. ದೂರುದಾರನಿಗೆ ತಿಳಿದಿರುವುದು ಒಂದು ಸಂಖ್ಯೆ ಮಾತ್ರ, ವ್ಯಕ್ತಿಯಲ್ಲ. ಸಿಮ್ ಬೇರೊಬ್ಬ ಅಮಾಯಕನ ಹೆಸರಿನಲ್ಲಿರಬಹುದು. ತೆರೆಯ ಮೇಲೆ ಕಂಡ ಸಂಖ್ಯೆಯೇ ನಿಜವಾದುದಲ್ಲದಿರಬಹುದು. ವಿದೇಶದಿಂದ ಮಾಡಿದ ಕರೆಯನ್ನು ಭಾರತದ ಸಂಖ್ಯೆಯಂತೆ ತೋರಿಸುವ ಮೋಸ ನಡೆಯುತ್ತಿದ್ದುದರಿಂದಲೇ ಅಂಥ ಕರೆಗಳನ್ನು ತಡೆಯುವ ವ್ಯವಸ್ಥೆಯೊಂದನ್ನು ಕೇಂದ್ರದ ದೂರಸಂಪರ್ಕ ಇಲಾಖೆ 2024ರ ಅಕ್ಟೋಬರಿನಲ್ಲಿ ಜಾರಿಗೆ ತಂದಿತು. ಕರೆ ಗುರುತಿಸುವ ಆ್ಯಪ್‌ಗಳು ತೋರಿಸುವ ಹೆಸರನ್ನು ವಿದ್ಯಾರ್ಥಿಗಳು ಅಪರಾಧಿಯ ಹೆಸರೆಂದು ಪತ್ರದಲ್ಲಿ ಬರೆಯುವುದುಂಟು. ಆ ಹೆಸರು ಇತರ ಬಳಕೆದಾರರು ಕೊಟ್ಟ ಮಾಹಿತಿಯಿಂದ ಬಂದುದಾಗಿರುತ್ತದೆ. ಅದು ಪುರಾವೆಯಲ್ಲ, ಹಿಂದೆ ಹೇಳಿದ ಅರ್ಥದಲ್ಲಿ ಬರಿಯ ಪುಕಾರು. ‘ಫೋನಿನ ತೆರೆಯ ಮೇಲೆ ಈ ಸಂಖ್ಯೆ ಕಂಡಿತು’, ‘ಈ ಸಂಖ್ಯೆಯಿಂದ ಕರೆ ಬಂದಿತು’ ಎಂಬುದಷ್ಟೇ ಕಣ್ಣಾರೆ ಕಂಡ ಸತ್ಯ.

ಬೇಡಿಕೆ ಯಾವುದಿರಬೇಕು

ಮಾದರಿ ಉತ್ತರದ ಅತಿ ದುರ್ಬಲ ಭಾಗ ಅದರ ಬೇಡಿಕೆ. ಬಂಧಿಸುವುದು ಪೊಲೀಸರ ಕೆಲಸ. ಇನ್ನೊಬ್ಬ ಚಂದಾದಾರನ ಹೆಸರು, ವಿಳಾಸವನ್ನು ದೂರುದಾರನಿಗೆ ಕೊಡುವ ಅಧಿಕಾರ ಸೇವಾ ಸಂಸ್ಥೆಗಿಲ್ಲ; ತನಿಖಾ ಸಂಸ್ಥೆಗಳು ಕಾನೂನಿನ ಮಾರ್ಗದಲ್ಲಿ ಕೇಳಿದಾಗ ಮಾತ್ರ ಅದು ಕೊಡುತ್ತದೆ. ಪತ್ರವನ್ನು ಪಡೆದವರಿಂದ ಆಗದ ಎರಡು ಕೆಲಸಗಳನ್ನು ಕೇಳಿ, ಆಗುವ ಒಂದನ್ನೂ ಕೇಳದೆ ಪತ್ರ ಮುಗಿದಿದೆ.

ಹಾಗಾದರೆ ಸಂಸ್ಥೆಯಿಂದ ಆಗುವುದೇನು? ಇಲ್ಲಿ ವ್ಯವಸ್ಥೆಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಕರೆ ಪಡೆದವರ ಸಂಸ್ಥೆ ಒಂದಾದರೆ, ಕರೆ ಮಾಡಿದವರ ಸಂಸ್ಥೆ ಬೇರೊಂದಾಗಿರಬಹುದು. ಸಂಖ್ಯೆಯ ಮೊದಲ ಅಂಕಿಗಳನ್ನು ನೋಡಿ ಅದನ್ನು ಊಹಿಸುವಂತಿಲ್ಲ. ಸಂಖ್ಯೆಯನ್ನು ಉಳಿಸಿಕೊಂಡು ಸಂಸ್ಥೆಯನ್ನು ಬದಲಿಸುವ ಸೌಲಭ್ಯ 2011ರಿಂದ ದೇಶದಾದ್ಯಂತ ಇದೆ. ದೂರುದಾರನಿಗೆ ಆ ಚಿಂತೆ ಬೇಕಾಗಿಲ್ಲ. ಅವನು ತನ್ನ ಸಂಸ್ಥೆಗೇ ದೂರು ಕೊಡುತ್ತಾನೆ. ಅದು ತನ್ನ ದಾಖಲೆಯಲ್ಲಿ ಕರೆ ಬಂದದ್ದನ್ನು ಖಚಿತಪಡಿಸಿಕೊಂಡು ಕರೆ ಹೊರಟ ಸಂಸ್ಥೆಗೆ ಕಳುಹಿಸುತ್ತದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಬೇಡದ ವಾಣಿಜ್ಯ ಕರೆಗಳ ಬಗ್ಗೆ 2018ರಲ್ಲಿ ಹೊರಡಿಸಿದ ನಿಯಮಾವಳಿಯ ಕ್ರಮ ಇದೇ. 2025ರ ಫೆಬ್ರುವರಿಯ ತಿದ್ದುಪಡಿ ಅಂಥ ಕರೆಯ ಬಗ್ಗೆ ದೂರು ಕೊಡಲು ಇದ್ದ 3 ದಿನಗಳ ಅವಧಿಯನ್ನು 7 ದಿನಗಳಿಗೆ ಹಿಗ್ಗಿಸಿತು. ನೋಂದಣಿಯಿಲ್ಲದೆ ಇಂಥ ಕರೆ ಮಾಡುವವರ ಮೇಲೆ ಸಂಸ್ಥೆ ಕ್ರಮ ಕೈಗೊಳ್ಳಬೇಕಾದ ಅವಧಿಯನ್ನು 30 ದಿನಗಳಿಂದ 5 ದಿನಗಳಿಗೆ ಇಳಿಸಿತು.

ಆದ್ದರಿಂದ ಸಂಸ್ಥೆಯನ್ನು ಕೇಳಬಹುದಾದುದು ಮೂರು: ದೂರನ್ನು ದಾಖಲಿಸಿ ಅದರ ಸಂಖ್ಯೆ ಕೊಡುವುದು, ಪಟ್ಟಿಯಲ್ಲಿರುವ ಕರೆಗಳನ್ನು ತನ್ನ ದಾಖಲೆಯೊಂದಿಗೆ ತಾಳೆ ನೋಡಿ ಸಂಬಂಧಪಟ್ಟ ಸಂಸ್ಥೆಗೆ ಕಳುಹಿಸುವುದು, ಆ ಸಂಖ್ಯೆಯ ಮೇಲೆ ಕೈಗೊಂಡ ಕ್ರಮವನ್ನು ತಿಳಿಸುವುದು. ಸಪ್ಪೆಯಾಗಿ ಕಾಣುವ ಈ ಬೇಡಿಕೆಗಳಿಂದಲೇ ಕೆಲಸ ನಡೆಯುತ್ತದೆ.

ಏಳು ದಿನಗಳ ಮಿತಿಯಿಂದ ಇನ್ನೊಂದು ಸಂಗತಿ ಹೊಮ್ಮುತ್ತದೆ. ಅಂಚೆಯ ಪತ್ರವನ್ನೇ ನೆಚ್ಚಿಕೊಂಡರೆ ಅವಧಿ ಮೀರಬಹುದು. ಮೊದಲು ಫೋನಿನ ಮೂಲಕ ದೂರು ಕೊಡಬೇಕು. ಬೇಡದ ವಾಣಿಜ್ಯ ಕರೆಗಳಿಗೆ 1909, ಸೇವಾ ಸಂಸ್ಥೆಯ ಸಾಮಾನ್ಯ ದೂರು ಕೇಂದ್ರಕ್ಕೆ 198. ಅಲ್ಲಿ ಕೊಡುವ ದೂರು ಸಂಖ್ಯೆಯನ್ನು ಪತ್ರದ ‘ಉಲ್ಲೇಖ’ದ ಸಾಲಿನಲ್ಲಿ ಬರೆಯಬೇಕು. ಈ ಸಾಲನ್ನು ವಿದ್ಯಾರ್ಥಿಗಳು ಬಹುಮಟ್ಟಿಗೆ ಖಾಲಿ ಬಿಡುತ್ತಾರೆ, ಇಲ್ಲವೇ ವಿಷಯವನ್ನೇ ಮತ್ತೊಮ್ಮೆ ಬರೆಯುತ್ತಾರೆ. ಉಲ್ಲೇಖ ಎಂದರೆ ಇದಕ್ಕೆ ಹಿಂದೆ ನಡೆದ ವ್ಯವಹಾರದ ಗುರುತು ಎಂಬುದು ಇಲ್ಲಿ ತಾನಾಗಿಯೇ ಅರ್ಥವಾಗುತ್ತದೆ.

ಪತ್ರ ಯಾರ ಹೆಸರಿನಲ್ಲಿ ಹೋಗಬೇಕು ಎಂಬುದೂ ಚರ್ಚೆಗೆ ಯೋಗ್ಯ. ಕರೆ ಬಂದದ್ದು ಅಜ್ಜಿಗೆ, ಬರೆಯುವವಳು ಮೊಮ್ಮಗಳು, ಸಿಮ್ ಇರುವುದು ತಂದೆಯ ಹೆಸರಿನಲ್ಲಿ. ಸಂಸ್ಥೆಯ ದಾಖಲೆಯಲ್ಲಿ ಚಂದಾದಾರ ತಂದೆಯೇ. ಆದ್ದರಿಂದ ‘ಇಂದ’ ಎಂಬಲ್ಲಿ ತಂದೆಯ ಹೆಸರು, ಕೊನೆಯಲ್ಲಿ ಅವರ ಸಹಿ. ಅಜ್ಜಿ ಕರೆ ಪಡೆದವರಾಗಿ ಪತ್ರದ ಒಡಲಿನಲ್ಲಿ ಬರುತ್ತಾರೆ.

ಪತ್ರ

ವಿದ್ಯಾರ್ಥಿಗಳು ಮೊದಲು ಫೋನಿನ ಕರೆಗಳ ಪಟ್ಟಿಯನ್ನು ನೋಡಿ ಕೋಷ್ಟಕ ಬರೆಯಲಿ. ಪತ್ರ ಅದರಿಂದ ಹುಟ್ಟಲಿ. ತರಗತಿಯ ಅಭ್ಯಾಸದಲ್ಲಿ ಯಾವುದೇ ಹತ್ತು ಅಂಕಿಗಳನ್ನು ಕಲ್ಪಿಸಿ ಬರೆಯಬಾರದು, ಅದು ಯಾರದಾದರೂ ಸಂಖ್ಯೆಯಾಗಿರುತ್ತದೆ. ಗೆರೆ ಎಳೆದು ಜಾಗ ಬಿಡುವುದೇ ಸರಿ. ನಿಜವಾದ ಪತ್ರದಲ್ಲಿ ಸಂಖ್ಯೆ, ದಿನಾಂಕಗಳನ್ನು ಕನ್ನಡ ಅಂಕಿಗಳಲ್ಲಿ ಬರೆಯದೆ 1, 2, 3 ಎಂಬ ರೂಪದಲ್ಲಿಯೇ ಬರೆಯಬೇಕು. ಕನ್ನಡ ಓದಲು ಬಾರದ ನೌಕರನೂ ಕೋಷ್ಟಕವನ್ನು ಓದಬಲ್ಲನು.

ಇಂದ,
ಅ. ಬ. ಕ.,
(ಮನೆಯ ಸಂಖ್ಯೆ, ಬೀದಿ),
ಧಾರಾಪುರಂ – 638656,
ತಿರುಪ್ಪೂರು ಜಿಲ್ಲೆ.
ಚಂದಾದಾರನ ಮೊಬೈಲ್ ಸಂಖ್ಯೆ: __________

ಗೆ,
ದೂರು ವಿಭಾಗದ ಅಧಿಕಾರಿಗಳು,
(ಮೊಬೈಲ್ ಸೇವಾ ಸಂಸ್ಥೆಯ ಹೆಸರು),
ತಮಿಳುನಾಡು ವಲಯ ಕಚೇರಿ.

ಮಾನ್ಯರೇ,

ವಿಷಯ: __________ ಸಂಖ್ಯೆಯಿಂದ ಮತ್ತೆ ಮತ್ತೆ ಬರುತ್ತಿರುವ ವಂಚನೆ ಕರೆಗಳ ಬಗ್ಗೆ ದೂರು.
ಉಲ್ಲೇಖ: ದಿನಾಂಕ 12-6-2025ರಂದು ಫೋನಿನ ಮೂಲಕ ದಾಖಲಿಸಿದ ದೂರು ಸಂಖ್ಯೆ ______.

ಮೇಲ್ಕಂಡ ಮೊಬೈಲ್ ಸಂಖ್ಯೆಯ ಚಂದಾದಾರ ನಾನು. ಈ ಫೋನನ್ನು ಮನೆಯಲ್ಲಿ ನನ್ನ ತಾಯಿಯವರು ಬಳಸುತ್ತಾರೆ. ವಿಷಯದಲ್ಲಿ ಸೂಚಿಸಿದ ಸಂಖ್ಯೆಯಿಂದ ಮೂರು ದಿನಗಳಲ್ಲಿ ನಾಲ್ಕು ಕರೆಗಳು ಬಂದಿವೆ. ಅವುಗಳ ವಿವರ:

9-6-2025, ಬೆಳಿಗ್ಗೆ 10.12: ಸುಮಾರು 2 ನಿಮಿಷ. ಬ್ಯಾಂಕಿನವರೆಂದು ಹೇಳಿಕೊಂಡು, ಕೆವೈಸಿ ಮುಗಿದಿದೆ, ಸಂಜೆಯೊಳಗೆ ಖಾತೆ ನಿಲ್ಲುತ್ತದೆ ಎಂದರು.
10-6-2025, ಬೆಳಿಗ್ಗೆ 9.40: ಸುಮಾರು 3 ನಿಮಿಷ. ಕಾರ್ಡಿನ 16 ಅಂಕಿಗಳನ್ನು ಕೇಳಿದರು. ಕೊಟ್ಟಿಲ್ಲ.
10-6-2025, ಸಂಜೆ 4.05: ಕರೆಯನ್ನು ಸ್ವೀಕರಿಸಿಲ್ಲ.
11-6-2025, ಸಂಜೆ 6.30: ಸುಮಾರು 1 ನಿಮಿಷ. ಕರೆ ಸ್ವೀಕರಿಸಿದ ನನ್ನ ಮಗಳನ್ನು ಫೋನಿಗೆ ಬರುವ ಒಟಿಪಿ ಹೇಳುವಂತೆ ಕೇಳಿದರು. ಯಾವ ಶಾಖೆ ಎಂದು ಕೇಳಿದಾಗ ಕರೆಯನ್ನು ನಿಲ್ಲಿಸಿದರು.

ಕರೆ ಮಾಡಿದವರು ಬ್ಯಾಂಕಿನ ಹೆಸರನ್ನಾಗಲಿ ಶಾಖೆಯನ್ನಾಗಲಿ ತಿಳಿಸಲಿಲ್ಲ. ನಮ್ಮ ಕಡೆಯಿಂದ ಯಾವ ಮಾಹಿತಿಯನ್ನೂ ಕೊಟ್ಟಿಲ್ಲ, ಹಣದ ನಷ್ಟವಾಗಿಲ್ಲ. ಕರೆಗಳ ಪಟ್ಟಿಯ ಚಿತ್ರವನ್ನು ಲಗತ್ತಿಸಿದ್ದೇನೆ.

ತಾವು ದಯವಿಟ್ಟು ಈ ಕರೆಗಳನ್ನು ತಮ್ಮ ದಾಖಲೆಯೊಂದಿಗೆ ತಾಳೆ ನೋಡಿ, ಆ ಸಂಖ್ಯೆ ಬೇರೊಂದು ಸಂಸ್ಥೆಗೆ ಸೇರಿದ್ದರೆ ಈ ದೂರನ್ನು ಆ ಸಂಸ್ಥೆಗೆ ಕಳುಹಿಸಿ, ನಿಯಮಾನುಸಾರ ಕೈಗೊಂಡ ಕ್ರಮವನ್ನು ನನಗೆ ತಿಳಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ಸ್ಥಳ: ಧಾರಾಪುರಂ
ದಿನಾಂಕ: 13-6-2025
ತಮ್ಮ ವಿಶ್ವಾಸಿ,
(ಸಹಿ)
ಅ. ಬ. ಕ.

ಲಗತ್ತು: ಕರೆಗಳ ಪಟ್ಟಿಯ ಚಿತ್ರ

ಪತ್ರದಲ್ಲಿ ‘ಕಳ್ಳ’ ಎಂಬ ಪದ ಎಲ್ಲಿಯೂ ಇಲ್ಲ. ಆದರೂ ಓದಿದವರಿಗೆ ವಂಚನೆಯ ಬಗ್ಗೆ ಸಂದೇಹ ಉಳಿಯುವುದಿಲ್ಲ. ಹೆದರಿಕೆ, ಆತುರ, ಕಾರ್ಡಿನ ಅಂಕಿ, ಒಟಿಪಿ ಎಂಬ ಕ್ರಮವೇ ಅದನ್ನು ಹೇಳುತ್ತದೆ. ಎತ್ತದ ಕರೆಯನ್ನೂ ಪಟ್ಟಿಯಲ್ಲಿ ಸೇರಿಸಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅದರಲ್ಲಿ ಮಾತಿಲ್ಲ, ಆದರೆ ‘ಮತ್ತೆ ಮತ್ತೆ’ ಎಂಬುದಕ್ಕೆ ಅದು ಆಧಾರ. ‘ಹಣದ ನಷ್ಟವಾಗಿಲ್ಲ’ ಎಂಬ ವಾಕ್ಯವನ್ನು ಕೆಲವರು ದೂರನ್ನು ಹಗುರಗೊಳಿಸುತ್ತದೆಂದು ಬಿಡಲು ಬಯಸುತ್ತಾರೆ. ಬಿಡಬಾರದು, ದೂರು ಯಾವ ಕಡೆಗೆ ಹೋಗಬೇಕೆಂಬುದು ಆ ವಾಕ್ಯದಿಂದಲೇ ತೀರ್ಮಾನವಾಗುತ್ತದೆ.

ಈ ಪತ್ರ ಸಾಲದ ಸಂದರ್ಭಗಳು

ಹಣ ಹೋಗಿದ್ದರೆ ಸೇವಾ ಸಂಸ್ಥೆಗೆ ಪತ್ರ ಬರೆಯುತ್ತ ಕೂರುವಂತಿಲ್ಲ. ಅದೇ ಗಳಿಗೆಯಲ್ಲಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬೇಗ ಬೇಗ ಸಾಗಿಸುವುದರಿಂದ ಅದನ್ನು ನಡುವೆ ತಡೆಹಿಡಿಯುವ ಅವಕಾಶ ಮೊದಲ ಗಂಟೆಗಳಲ್ಲಿಯೇ ಹೆಚ್ಚು. ಲಿಖಿತ ದೂರಿಗೆ cybercrime.gov.in ಎಂಬ ತಾಣವಿದೆ.

ಹಣ ಹೋಗಿಲ್ಲ, ಆದರೆ ವಂಚನೆಯ ಯತ್ನ ನಡೆದಿದೆ ಎಂಬ ಧಾರಾಪುರದ ಪ್ರಸಂಗದಂಥದಕ್ಕೆ ಪತ್ರದ ಜೊತೆಗೆ ಇನ್ನೊಂದು ದಾರಿಯೂ ಇದೆ. ದೂರಸಂಪರ್ಕ ಇಲಾಖೆ ‘ಸಂಚಾರ್ ಸಾಥಿ’ ತಾಣದಲ್ಲಿ (sancharsaathi.gov.in) 2024ರ ಮಾರ್ಚ್‌ನಲ್ಲಿ ‘ಚಕ್ಷು’ ಎಂಬ ವಿಭಾಗವನ್ನು ತೆರೆಯಿತು. ಕರೆಯೋ ಸಂದೇಶವೋ, ಯಾವ ಬಗೆಯ ವಂಚನೆ, ಯಾವ ಸಂಖ್ಯೆ, ಯಾವ ದಿನ, ಎಷ್ಟು ಗಂಟೆ ಎಂದು ಅದು ಕೇಳುತ್ತದೆ. ವಿದ್ಯಾರ್ಥಿ ಪತ್ರಕ್ಕಾಗಿ ತಯಾರಿಸಿದ ಕೋಷ್ಟಕದಲ್ಲಿ ಈ ಎಲ್ಲಕ್ಕೂ ಉತ್ತರ ಸಿದ್ಧವಾಗಿರುತ್ತದೆ. ವರದಿಯಾದ ಸಂಖ್ಯೆಯ ಚಂದಾದಾರನನ್ನು ಮರುಪರಿಶೀಲನೆಗೆ ಒಳಪಡಿಸಿ, ಅದರಲ್ಲಿ ಉತ್ತೀರ್ಣವಾಗದಿದ್ದರೆ ಸಂಪರ್ಕವನ್ನು ಕಡಿದುಹಾಕಲಾಗುತ್ತದೆ. ಹಾಗೆಂದು ವಂಚಕ ಸಿಕ್ಕಿಬೀಳುತ್ತಾನೆಂದು ಮಕ್ಕಳಿಗೆ ಭರವಸೆ ಕೊಡುವುದು ಸರಿಯಲ್ಲ. ಅವನು ನಾಳೆ ಬೇರೊಂದು ಸಿಮ್ಮಿನಿಂದ ಮಾತನಾಡಬಹುದು. ಮುಚ್ಚುವುದು ಆ ಒಂದು ಸಂಖ್ಯೆ ಮಾತ್ರ.

ಫೋನಿನಲ್ಲಿಯೇ ಆ ಸಂಖ್ಯೆಗೆ ತಡೆ ಹಾಕುವುದನ್ನು ಮಕ್ಕಳು ಆಗಲೇ ಬಲ್ಲರು. ಅಜ್ಜಿಯ ನೆಮ್ಮದಿಗೆ ಅದು ಅಗತ್ಯವೂ ಹೌದು. ಆದರೆ ಅದರಿಂದ ಯಾರಿಗೂ ದೂರು ತಲುಪುವುದಿಲ್ಲ. ತಡೆ ಹಾಕುವ ಮುನ್ನ ಪಟ್ಟಿಯ ಚಿತ್ರ ತೆಗೆದಿರಬೇಕು. ಹೆದರಿಕೆಯಿಂದ ಕರೆಗಳ ಪಟ್ಟಿಯನ್ನೇ ಅಳಿಸಿಬಿಟ್ಟರೆ ಕೋಷ್ಟಕ ಬರೆಯಲು ಏನೂ ಉಳಿಯುವುದಿಲ್ಲ. ಅಜ್ಜಿಗೆ ಹೇಳಿಕೊಡಬಹುದಾದ ಗುರುತೂ ಒಂದಿದೆ. ಬ್ಯಾಂಕುಗಳು ಗ್ರಾಹಕರ ಖಾತೆಗೆ ಸಂಬಂಧಿಸಿದ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಬಳಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಸೂಚಿಸಿದೆ. ಸಾಮಾನ್ಯ ಹತ್ತು ಅಂಕಿಯ ಮೊಬೈಲ್ ಸಂಖ್ಯೆಯಿಂದ ‘ಬ್ಯಾಂಕ್’ ಕರೆದರೆ ಸಂಶಯಪಡಲು ಅದೇ ಒಂದು ಕಾರಣ. ಒಟಿಪಿಯನ್ನಂತೂ ಯಾವ ಸಂಖ್ಯೆಯಿಂದ ಕೇಳಿದರೂ ಹೇಳುವಂತಿಲ್ಲ.

ಸೇವಾ ಸಂಸ್ಥೆಯಿಂದ ಉತ್ತರ ಬಾರದಿದ್ದರೆ, ಬಂದ ಉತ್ತರ ತೃಪ್ತಿ ಕೊಡದಿದ್ದರೆ, ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಗ್ರಾಹಕರ ದೂರುಗಳ ಬಗ್ಗೆ ಟ್ರಾಯ್ 2012ರಲ್ಲಿ ಹೊರಡಿಸಿದ ನಿಯಮಾವಳಿ ಇದಕ್ಕೆ ಅವಕಾಶ ಕೊಟ್ಟಿದೆ. ಆ ಎರಡನೆಯ ಪತ್ರ ಬಹಳ ಚಿಕ್ಕದು: ಉಲ್ಲೇಖದಲ್ಲಿ ಮೊದಲ ಪತ್ರದ ದಿನಾಂಕ ಮತ್ತು ದೂರು ಸಂಖ್ಯೆ, ಒಡಲಿನಲ್ಲಿ ಉತ್ತರ ಬಂದಿಲ್ಲವೆಂಬ ಒಂದು ವಾಕ್ಯ. ಚುರುಕಾದ ವಿದ್ಯಾರ್ಥಿಗಳಿಗೆ ಅದನ್ನೇ ಮನೆಗೆಲಸವಾಗಿ ಕೊಡಬಹುದು.

ತರಗತಿಯ ಅಭ್ಯಾಸ

ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ ಕೂರಿಸಿ, ಒಬ್ಬರ ಕೈಗೆ ಪತ್ರವನ್ನೂ ಇನ್ನೊಬ್ಬರ ಕೈಗೆ ಕೋಷ್ಟಕವನ್ನೂ ಕೊಡಬೇಕು. ಕೋಷ್ಟಕ ಹಿಡಿದವರು ಸಂಸ್ಥೆಯ ನೌಕರ. ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದಂತೆ ನೌಕರನು ತಾಳೆಯಾಗುವ ವಾಕ್ಯಕ್ಕೆ ಗುರುತು ಹಾಕುತ್ತಾ ಹೋಗಬೇಕು; ತಾಳೆಯಾಗದ ಮಾತು ಬಂದಾಗ ‘ಇದು ನಿಮಗೆ ಹೇಗೆ ಗೊತ್ತು?’ ಎಂದು ಕೇಳಬೇಕು. ‘ಕೇಳಿದೆ’, ‘ಕಂಡೆ’ ಎಂಬ ಉತ್ತರ ಬಂದರೆ ವಾಕ್ಯ ಉಳಿಯುತ್ತದೆ. ‘ಅನಿಸಿತು’ ಎಂಬ ಉತ್ತರ ಬಂದರೆ ಬದಲಾಗುತ್ತದೆ. ಮೌಲ್ಯಮಾಪನದಲ್ಲಿಯೂ ನಮೂನೆಗೆ ಕೊಡುವಷ್ಟೇ ತೂಕವನ್ನು ಈ ತಾಳೆಗೂ ಬೇಡಿಕೆಯ ಔಚಿತ್ಯಕ್ಕೂ ಕೊಡುವುದು ನ್ಯಾಯ.

ಕೊನೆಯದಾಗಿ ಭಾಷೆಯ ಪ್ರಶ್ನೆ. ಪರೀಕ್ಷೆಯ ಪತ್ರ ಕನ್ನಡದಲ್ಲಿಯೇ ಇರುತ್ತದೆ. ಧಾರಾಪುರದಿಂದ ನಿಜವಾಗಿಯೂ ಕಳುಹಿಸುವ ಪತ್ರ ತಮಿಳು ಅಥವಾ ಇಂಗ್ಲಿಷ್ ಓದುವ ಮೇಜಿಗೆ ತಲುಪುತ್ತದೆ. ಕನ್ನಡದಲ್ಲಿ ಬರೆದುಕೊಂಡ ಪತ್ರವನ್ನು ತಮಿಳು ಶಿಕ್ಷಕರ ನೆರವಿನಿಂದ ತಮಿಳಿಗೆ ಮಾಡಿಸಿ ಎರಡನ್ನೂ ಒಟ್ಟಿಗೆ ಕಳುಹಿಸಬಹುದು. ಅನುವಾದಿಸುವಾಗ ‘ಹೇಳಿಕೊಂಡರು’ ಎಂಬಲ್ಲಿನ ‘ಕೊಂಡರು’ ಕಳೆದುಹೋಗದಂತೆ ನೋಡಿಕೊಳ್ಳಬೇಕು.